ಪಟ್ಟಿ ಮುಗಿದ ಮೇಲೆ ರಿಲೀಸೋ, ತಾರೀಖು ಬಂದ ಕೂಡಲೇ ರಿಲೀಸೋ?

ಉಡುಪಿಯಲ್ಲಿ ನಾವು ನಾಲ್ಕು ಜನ ಸೇರಿ ನಡೆಸುವ ಸ್ಟಾರ್ಟಪ್ ಇದು. ಮಲ್ಪೆಯ ಬೋಟ್ ಮಾಲೀಕರಿಗೆ ಡೀಸೆಲ್, ಐಸ್, ಮೀನು ಮಾರಿದ ಹಣ, ಕೆಲಸದವರ ಪಾಲು ಎಲ್ಲದರ ಲೆಕ್ಕ ಇಡುವ ಆ್ಯಪ್ ಮಾಡುತ್ತೇವೆ. ಜನವರಿಯಲ್ಲಿ ಬ್ಯಾಂಕಿನಲ್ಲಿ 48 ಲಕ್ಷ ಇತ್ತು, ತಿಂಗಳ ಖರ್ಚು 4 ಲಕ್ಷ. ಹನ್ನೆರಡು ತಿಂಗಳು ಇದೆಯಲ್ಲ ಅಂತ ಅನ್ನಿಸುತ್ತದೆ. ಆದರೆ ಮುಂದಿನ ಹೂಡಿಕೆಯ ಮಾತುಕತೆಗೇ ನಾಲ್ಕು ತಿಂಗಳು ಬಿಟ್ಟುಕೊಂಡಿದ್ದೆವು. ಹಾಗಾಗಿ ಆಗಸ್ಟ್ ಮುಗಿಯುವುದರೊಳಗೆ ಬೋಟಿನವರು ದಿನಾ ಆ್ಯಪ್ ಬಳಸುವುದನ್ನು ತೋರಿಸಬೇಕಿತ್ತು.

ಮೊದಲು ಪಟ್ಟಿಯ ದಾರಿ ಹಿಡಿದೆವು. ಐದು ಫೀಚರ್, ಶೀಟ್‌ನಲ್ಲಿ ಒಂದೊಂದಕ್ಕೂ ತಾರೀಖು, ಎಲ್ಲ ಮುಗಿದ ಮೇಲೆ ಒಂದೇ ರಿಲೀಸ್, ಮಾರ್ಚ್ 31ಕ್ಕೆ. ನೋಡಲು ಚಂದ ಇತ್ತು, ಸುಳ್ಳಲ್ಲ. ಕೆಟ್ಟದ್ದು ಪಾಲಿನ ಲೆಕ್ಕದಲ್ಲಿ. ಖರ್ಚು ಕಳೆದು ಉಳಿದದ್ದನ್ನು ಹಂಚುವ ಕ್ರಮ ಬೋಟಿಗೊಂದು ಥರ. ಶೀಟ್‌ನಲ್ಲಿ ಅದು ಮೂರು ವಾರ "90%" ಅಂತಲೇ ಕೂತಿತ್ತು. ಮುಗಿದಿದ್ದ ಡೀಸೆಲ್ ಲೆಕ್ಕವೂ ಅದಕ್ಕಾಗಿ ಸುಮ್ನೆ ಕಾಯಿತು. ಕೊನೆಗೆ ಪಾಲಿನ ಲೆಕ್ಕ ಬಿಟ್ಟೇ ರಿಲೀಸ್ ಆದದ್ದು ಮೇ 18ಕ್ಕೆ. ಜೂನ್ 1ರಿಂದ ಮೀನುಗಾರಿಕೆ ನಿಷೇಧ, ಬೋಟ್‌ಗಳೆಲ್ಲ ದಡಕ್ಕೆ. 18 ಲಕ್ಷ ಹೋಗಿತ್ತು, ಕೈಗೆ ಸಿಕ್ಕಿದ್ದು ಎರಡು ವಾರದ ಬಳಕೆ.

ಆಮೇಲೆ ತಿರುಗಿಸಿದೆವು. ಎರಡು ವಾರಕ್ಕೊಮ್ಮೆ, ಮಂಗಳವಾರ, ಏನು ಸಿದ್ಧ ಇದೆಯೋ ಅದು ಹೋಗುತ್ತದೆ. ಅರ್ಧ ಆದದ್ದು ಕೋಡ್‌ನಲ್ಲೇ ಇರುತ್ತದೆ, ಆದರೆ ಫೀಚರ್ ಫ್ಲ್ಯಾಗ್ ಅನ್ನುವ ಆನ್-ಆಫ್ ಸ್ವಿಚ್ ಹಾಕಿ ಮುಚ್ಚಿಡುತ್ತೇವೆ. ಪಾಲಿನ ಲೆಕ್ಕ ಹೀಗೆ ಮುಚ್ಚಿಕೊಂಡೇ ಮೂರು ರಿಲೀಸ್ ದಾಟಿತು, ಬೇರೆ ಯಾವುದನ್ನೂ ತಡೆಯಲಿಲ್ಲ. ರೋಡ್‌ಮ್ಯಾಪ್‌ನಲ್ಲಿ ಈಗ, ಮುಂದೆ, ಆಮೇಲೆ ಅಂತ ಮೂರೇ ಕಾಲಂ. ತಾರೀಖು ಬರೆದದ್ದು ಒಂದೇ: ಆಗಸ್ಟ್ 1, ಬೋಟ್‌ಗಳು ಮತ್ತೆ ಕಡಲಿಗೆ ಇಳಿಯುವ ದಿನ. ಸೀಸನ್ ಮಧ್ಯೆ ಯಾರೂ ಲೆಕ್ಕದ ಪುಸ್ತಕ ಬದಲಿಸುವುದಿಲ್ಲ.

ಜುಲೈಯಲ್ಲಿ ಸಮಯ ಸಾಲದು ಅಂತ ಗೊತ್ತಾದಾಗ ತಾರೀಖು ಮುಟ್ಟಲಿಲ್ಲ, ಕೆಲಸ ಕಡಿಮೆ ಮಾಡಿದೆವು. ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸುವುದು "ಆಮೇಲೆ"ಗೆ ಹೋಯಿತು. ಕೇಳಿದ್ದಕ್ಕೆ ಒಬ್ಬ ಮಾಲೀಕರು, "ಪಾಲು ಸರಿ ಬರಲಿ ಮಾರಾಯ್ರೆ, ಬ್ಯಾಂಕಿಂದು ಮತ್ತೆ ನೋಡುವ" ಅಂದರು. ಇದನ್ನು ಜನವರಿಯಲ್ಲೇ ಕೇಳಬಹುದಿತ್ತು ಅಲ್ವಾ?

ಈ ದಾರಿಯೂ ಪುಕ್ಕಟೆ ಅಲ್ಲ. ಪ್ರತಿ ರಿಲೀಸ್‌ಗೆ ಇಬ್ಬರ ಒಂದು ದಿನ ಪರೀಕ್ಷೆಗೇ ಹೋಗುತ್ತದೆ. "ಆ ಫೀಚರ್ ಯಾವಾಗ ಬರುತ್ತದೆ?" ಅಂತ ಗಿರಾಕಿ ಕೇಳಿದರೆ ಮೂರು ಕಾಲಂನ ರೋಡ್‌ಮ್ಯಾಪ್‌ನಲ್ಲಿ ಉತ್ತರ ಇಲ್ಲ. ಇನ್ನು ಫ್ಲ್ಯಾಗ್. ಆಗಸ್ಟ್ ಎರಡನೇ ವಾರ ಪಾಲಿನ ಫ್ಲ್ಯಾಗ್ ತೆರೆದೆವು. ಬೋಟ್ ನಡೆಸುವ ತಂಡೇಲರೊಬ್ಬರ ಫೋನಿನಲ್ಲಿ ಮಾತ್ರ ಹಳೇ ಪರದೆಯೇ. ಫ್ಲ್ಯಾಗ್ ತೆರೆದದ್ದು ಫೋನಿಗೆ ಗೊತ್ತಾಗಲು ನೆಟ್‌ವರ್ಕ್ ಬೇಕು, ಅವರ ಬೋಟ್ ಆಗ ಆಳ ಸಮುದ್ರದಲ್ಲಿತ್ತು. ಅಲ್ಲಿಂದ ಮುಂದೆ ಫ್ಲ್ಯಾಗ್ ತೆರೆಯುವ ಮೊದಲು ಯಾವ ಬೋಟ್ ದಕ್ಕೆಯಲ್ಲಿದೆ ಅಂತ ಫೋನ್ ಮಾಡಿ ಕೇಳುತ್ತೇವೆ.