ಗೆಳೆಯರ ಮುಖದ ಸಿನಿಮಾ ಪೋಸ್ಟರ್: ಹಳೇ ಫೋಟೋ ಸಾಕಾ, ಹೊಸದಾಗಿ ತೆಗೆಯಬೇಕಾ?

ಹಿಂದೆ ಬಳ್ಳಾರಿ ಕೋಟೆಯ ಗುಡ್ಡ, ಮುಂದೆ ಪೊಲೀಸ್, ಡಾನ್, ಮೇಷ್ಟ್ರು ಆಗಿ ನಿಮ್ಮ ಗೆಳೆಯರು. ಮುಖಗಳನ್ನು ಎಲ್ಲಿಂದ ತರುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ.

ಮೊಬೈಲಿನ ಹಳೇ ಫೋಟೋ ಆದರೆ ಕೆಲಸ ಬೇಗ ಶುರುವಾಗುತ್ತದೆ. ಆದರೆ ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಾಣುತ್ತದೆ. ಅದಕ್ಕಿಂತ ಜಾಸ್ತಿ ಕಾಟ ನೆರಳಿನದು. ಬಣ್ಣವನ್ನು ಆಮೇಲೆ ಹೊಂದಿಸಬಹುದು, ನೆರಳಿನ ದಿಕ್ಕನ್ನು ಹೊಂದಿಸುವುದು ಕಷ್ಟ. ಒಬ್ಬನ ಮೂಗಿನ ನೆರಳು ಎಡಕ್ಕೆ, ಇನ್ನೊಬ್ಬನದು ಬಲಕ್ಕೆ ಬಿದ್ದರೆ ಅಂಟಿಸಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಫೋಟೋ ಫ್ಲಿಪ್ ಮಾಡಿದರೆ ನೆರಳು ಸರಿಹೋಗುತ್ತದೆ, ಆದರೆ ಬೈತಲೆ, ಮಚ್ಚೆ ಜಾಗ ಬದಲಾಗಿ ಗೆಳೆಯ ಗೆಳೆಯನಂತೆ ಕಾಣುವುದಿಲ್ಲ.

ಹೊಸದಾಗಿ ತೆಗೆಯಲು ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ನೆಲದ ಮೇಲೆ ಗುರುತು ಹಾಕಿ, ಎಲ್ಲರನ್ನೂ ಅಲ್ಲೇ ನಿಲ್ಲಿಸಿ. ಎರಡು ಮೀಟರ್ ದೂರದಿಂದ, ಕಣ್ಣಿನ ಎತ್ತರದಲ್ಲಿ, ಫೋಟೋದ ಬೆಳಕಿನ ಮಟ್ಟ ಬದಲಾಗದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ ತೆಗೆಯಿರಿ. ಪಾತ್ರ ಬದಲಾಗುವುದು ಬಟ್ಟೆ ಮತ್ತು ನೋಟದಿಂದ, ಬೆಳಕಿನಿಂದಲ್ಲ. ಗುಡ್ಡದ ಫೋಟೋದಲ್ಲೂ ಬಿಸಿಲು ಅದೇ ಕಡೆಯಿಂದ ಬಂದಿರಬೇಕು.

ನನ್ನ ಆಯ್ಕೆ ಹೊಸ ಫೋಟೋನೇ. ಬೆಂಗಳೂರಿನಲ್ಲಿರುವ ಗೆಳೆಯನಿಗೂ ಕಿಟಕಿ ಯಾವ ಕಡೆ ಇರಬೇಕು ಅಂತ ಹೇಳಿ ತರಿಸಿಕೊಳ್ಳಬಹುದು, ಅಲ್ವಾ? ಕೊನೆಗೆ ಎಲ್ಲಾ ಲೇಯರ್‌ಗಳ ಮೇಲೆ ಒಂದೇ ಬಣ್ಣದ ಛಾಯೆ, ಸಣ್ಣ ಚುಕ್ಕೆಗಳಂತೆ ಕಾಣುವ ಒಂದೇ ಗ್ರೇನ್ ಹಾಕಿ. ಆಮೇಲೆ ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಹೊಂದದ ಮುಖ ಅಲ್ಲೇ ಸಿಕ್ಕಿಬೀಳುತ್ತದೆ.