ಮೂರು ಮಳೆಗಾಲ ಬಳಸಿದ ಮೇಲೆ: ಮಳೆ ಲೆಕ್ಕದ ಆ್ಯಪ್ ಮತ್ತು ಅದನ್ನು ಮಾಡಿದವನ ಪರಿಚಯ

ನಾಲ್ಕು ನಕ್ಷತ್ರ. ಐದನೆಯದು ಯಾಕೆ ಕೊಡಲಿಲ್ಲ ಎಂಬುದು ಕೊನೆಯಲ್ಲಿದೆ.

2023ರ ಮೇ ಕೊನೆಯಲ್ಲಿ ಈ ಆ್ಯಪ್ ಹಾಕಿಕೊಂಡೆ. ಚಿತ್ರಗಳನ್ನು ನೋಡಿಯೂ ಅಲ್ಲ, ಉಳಿದವರು ಕೊಟ್ಟ ನಕ್ಷತ್ರ ನೋಡಿಯೂ ಅಲ್ಲ. ಆಗ ಇದನ್ನು ಬಳಸುತ್ತಿದ್ದವರೇ ಬೆರಳೆಣಿಕೆಯಷ್ಟು ಜನ. ಪ್ಲೇ ಸ್ಟೋರ್ ಪುಟದಲ್ಲಿ ಆ್ಯಪ್ ಏನು ಮಾಡುತ್ತದೆ ಎಂದು ನಾಲ್ಕು ಸಾಲು ಬರೆದು, ಅದರ ಕೆಳಗೆ ಮಾಡಿದವನು ತನ್ನ ಬಗ್ಗೆ ಬರೆದುಕೊಂಡಿದ್ದ. ಊರು ಸಿದ್ದಾಪುರದ ಕಡೆ, ಕೆಲಸ ಬೆಂಗಳೂರಿನಲ್ಲಿ. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತಾರೆ, ಎರಡು ವರ್ಷದ ಪುಸ್ತಕ ಗೆದ್ದಲು ತಿಂದಿತು, ಅದಕ್ಕೇ ಇದನ್ನು ಮಾಡಿದೆ. ಮಾಡುವವನು ನಾನೊಬ್ಬನೇ, ಭಾನುವಾರ ಮಾತ್ರ ಕೂರುತ್ತೇನೆ. ಜಾಹೀರಾತಿಲ್ಲ, ಇಂಟರ್ನೆಟ್ ಬೇಡ, ಒಮ್ಮೆ 150 ರೂಪಾಯಿ ಕೊಟ್ಟರೆ ಮುಗಿಯಿತು. ಇಷ್ಟೇ.

ನನಗೆ ನಂಬಿಕೆ ಬಂದಿದ್ದು 'ಎಂಟೂವರೆ' ಎಂಬ ಒಂದು ಮಾತಿಗೆ. ಗೆದ್ದಲಿನ ಕತೆಯನ್ನು ಯಾರು ಬೇಕಾದರೂ ಕಟ್ಟಬಹುದು, ಮಲೆನಾಡಿನಲ್ಲಿ ಗೆದ್ದಲು ತಿನ್ನದ ಪುಸ್ತಕ ಯಾವ ಮನೆಯಲ್ಲಿದೆ? ಆದರೆ ಮಳೆ ಅಳೆಯುವ ಹೊತ್ತು ಎಂಟೂವರೆ ಎಂಬುದು ಅಳೆಯುವವರಿಗೆ ಮಾತ್ರ ಗೊತ್ತಿರುವ ಸಂಗತಿ. ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ನಡುರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಹಿಂದಿನ ದಿನ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದಿದ್ದು ಇವತ್ತಿನ ಲೆಕ್ಕ. ಇದನ್ನು ಬರೆದವನ ಮನೆಯಲ್ಲಿ ನಿಜವಾಗಿಯೂ ಮಳೆಮಾಪಕ ಇದೆ ಅನ್ನಿಸಿತು. ದುಡ್ಡು ಪಡೆಯುವ ಆ್ಯಪ್ ಆದ್ದರಿಂದ ಪುಟದ ಕೆಳಗೆ ಮಾಡಿದವನ ಪೂರ್ತಿ ಹೆಸರು, ವಿಳಾಸ ಕಾಣಿಸುತ್ತದೆ. ಅದನ್ನೂ ತೆಗೆದು ನೋಡಿದೆ. ಬೆಂಗಳೂರಿನ ವಿಳಾಸವೇ ಇತ್ತು, ಹೆಸರೂ ತಾಳೆಯಾಯಿತು.

ನಮ್ಮದು ಶಿರಸಿಯಿಂದ ಒಳಗೆ, ಜೋರು ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲದ ಜಾಗ. ಅಡಿಕೆ ತೋಟಕ್ಕೆ ಮಳೆ ಲೆಕ್ಕ ಶೋಕಿಗಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ಮೇಲೆ ನಲವತ್ತು, ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಸಬೇಕು, ಮಳೆ ಜಾಸ್ತಿಯಾದರೆ ಇನ್ನೂ ಮುಂಚೆ. ಹೊಡೆದ ದಿನದಿಂದ ಎಷ್ಟು ದಿನವಾಯಿತು, ಆಮೇಲೆ ಎಷ್ಟು ಮಿಲಿಮೀಟರ್ ಸುರಿಯಿತು ಎಂಬ ಎರಡನ್ನೂ ಈ ಆ್ಯಪ್ ಒಂದೇ ಸಾಲಿನಲ್ಲಿ ತೋರಿಸುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಫೋನ್ ಮಾಡುವ ಮೊದಲು ನಾನು ನೋಡುವುದು ಆ ಒಂದು ಸಾಲು ಮಾತ್ರ. ಬಾಕಿ ಬಣ್ಣದ ನಕ್ಷೆಗಳನ್ನು ನಾನು ತೆಗೆದೇ ಇಲ್ಲ.

ಮೊದಲ ವರ್ಷ ಹೇಳುವಂಥದ್ದೇನೂ ನಡೆಯಲಿಲ್ಲ. 2023ರಲ್ಲಿ ಮಳೆಯೇ ತಡ, ಆಗಸ್ಟ್ ಅಂತೂ ಒಣಗಿಹೋಯಿತು. ದಿನಾ ಸೊನ್ನೆ ತುಂಬಿಸುವುದಕ್ಕೆ ಯಾವ ಆ್ಯಪ್ ಆದರೂ ಸಾಕಿತ್ತು.

ಎಡವಟ್ಟು ಗೊತ್ತಾಗಿದ್ದು 2024ರ ಜುಲೈನಲ್ಲಿ. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಿದ್ದು ಜುಲೈ 16, ಮಂಗಳವಾರ ಬೆಳಿಗ್ಗೆ. ಹಿಂದಿನ ರಾತ್ರಿ ನಮ್ಮಲ್ಲೂ ಮಳೆಗೆ ನಿದ್ದೆ ಇಲ್ಲ. ಆಮೇಲೊಂದು ದಿನ ಆ ವಾರದ ಲೆಕ್ಕವನ್ನು ಆಚೆ ಕೇರಿಯವರ ಪುಸ್ತಕದ ಜೊತೆ ಹೋಲಿಸಲು ಕೂತೆ. ಒಂದೂ ಕೂಡಿ ಬರಲಿಲ್ಲ. ಅವರ ಪುಸ್ತಕದಲ್ಲಿ ಆ ರಾತ್ರಿಯ ಮಳೆ 15ನೇ ತಾರೀಕಿನ ಎದುರಿಗಿತ್ತು, ನನ್ನ ಫೋನಿನಲ್ಲಿ 16ರ ಎದುರಿಗೆ. ಅಪ್ಪನ ಹಳೇ ಪುಸ್ತಕಗಳನ್ನೂ ತೆಗೆದೆ. ಅವರದ್ದೂ ಆಚೆ ಕೇರಿಯವರ ಹಾಗೆಯೇ. ನಮ್ಮ ಕಡೆ ಬೆಳಿಗ್ಗೆ ಅಳೆದಿದ್ದನ್ನು 'ನಿನ್ನೆ ಮಳೆ' ಎಂದು ನಿನ್ನೆಯ ತಾರೀಕಿಗೇ ಬರೆಯುವ ರೂಢಿ. ಆ್ಯಪ್ ಮಾತ್ರ ಇಲಾಖೆಯ ಕ್ರಮ ಹಿಡಿದು ಅಳೆದ ದಿನಕ್ಕೆ ಹಾಕುತ್ತಿತ್ತು. ಎರಡೂ ತಪ್ಪಲ್ಲ, ಆದರೆ ಎರಡನ್ನೂ ಒಂದೇ ಕಡೆ ತುಂಬಿಸಿದರೆ ಪೂರ್ತಿ ಲೆಕ್ಕ ಒಂದು ದಿನ ಜಾರುತ್ತದೆ.

ಒಂದು ದಿನ ಜಾರಿದರೆ ಏನಾಯ್ತು ಅನ್ನಬಹುದು. ತಿಂಗಳ ಗಡಿಯಲ್ಲಿ ಅದು ಕಾಣುತ್ತದೆ. ಜೂನ್ 30ರ ರಾತ್ರಿ ಬಿದ್ದು ಜುಲೈ 1ರ ಬೆಳಿಗ್ಗೆ ನಾನು ಅಳೆದಿದ್ದು 64 ಮಿ.ಮೀ. ಅಪ್ಪನ ರೂಢಿಯಲ್ಲಾದರೆ ಅದು ಜೂನ್ ಪಾಲು, ಆ್ಯಪ್‌ನಲ್ಲಿ ಜುಲೈ ಪಾಲು. ಹಳೇ ಪುಸ್ತಕದ ಜೂನ್ ಜೊತೆ ಹೊಸ ಜೂನನ್ನು ಹೋಲಿಸಿದರೆ ಆ 64 ಮಿ.ಮೀ. ಮಾಯ. ವರ್ಷದ ಮೊತ್ತಕ್ಕೆ ಮಾತ್ರ ಏನೂ ಆಗುವುದಿಲ್ಲ, ಡಿಸೆಂಬರ್ 31ರ ರಾತ್ರಿ ಇಲ್ಲಿ ಬೀಳುವುದು ಇಬ್ಬನಿ.

ಪುಟದಲ್ಲಿದ್ದ ವಿಳಾಸಕ್ಕೆ ಮೇಲ್ ಹಾಕಿದೆ, ಅಪ್ಪನ ಪುಸ್ತಕದ ಎರಡು ಪುಟದ ಫೋಟೋ ಸಮೇತ. ಬುಧವಾರ ಹಾಕಿದ್ದು, ಭಾನುವಾರ ಮಧ್ಯಾಹ್ನ ಉತ್ತರ ಬಂತು. ಬರೆದುಕೊಂಡ ಹಾಗೇ ಭಾನುವಾರ! ಅವರ ಅಪ್ಪ ಅಳೆದ ದಿನಕ್ಕೇ ಬರೆಯುವವರಂತೆ, ಬೇರೆ ರೂಢಿ ಇದ್ದೀತು ಎಂದು ಯೋಚಿಸಿಯೇ ಇರಲಿಲ್ಲವಂತೆ. ಒಬ್ಬನೇ, ತನ್ನ ಮನೆಗಾಗಿ ಮಾಡಿದ ವಸ್ತುವಿನ ಗುಣವೂ ಕೊರತೆಯೂ ಇದೇ. ಆ ಮನೆಯ ರೂಢಿಗೆ ಅಂಗಿ ಹೊಲಿದ ಹಾಗೆ ಕೂರುತ್ತದೆ, ಪಕ್ಕದ ಮನೆಯವರಿಗೆ ತೋಳು ಬಿಗಿ. ಐದು ವಾರದ ಮೇಲೆ ಹೊಸ ಆವೃತ್ತಿ ಬಂತು. ಮಳೆಯನ್ನು ಅಳೆದ ದಿನಕ್ಕೆ ತೋರಿಸಬೇಕೋ ಹಿಂದಿನ ದಿನಕ್ಕೋ ಎಂದು ಆರಿಸಿಕೊಳ್ಳಬಹುದು. ಅದರಲ್ಲಿ ನನಗೆ ಹಿಡಿಸಿದ್ದೆಂದರೆ ಒಳಗಿನ ದಾಖಲೆಯನ್ನು ಅವರು ಮುಟ್ಟಲಿಲ್ಲ. ಅಳೆದ ತಾರೀಕು, ಹೊತ್ತು ಹಾಗೇ ಉಳಿದಿದೆ, ಬದಲಾಗುವುದು ತೋರಿಸುವ ರೀತಿ ಮಾತ್ರ. ತಪ್ಪಿ ಒತ್ತಿದರೂ ಲೆಕ್ಕ ಕೆಡುವುದಿಲ್ಲ.

ಆ ವರ್ಷ ಚೌತಿಗೆ ಅಣ್ಣನ ಮಗ ಬಂದಿದ್ದ. ಸಾಫ್ಟ್‌ವೇರ್ ಕೆಲಸದವನು. 'ಇಂಟರ್ನೆಟ್ ಬೇಡ' ಎಂಬ ಸಾಲು ನೋಡಿ ನಕ್ಕು, ಅದೇ ಪುಟದಲ್ಲಿ ಕೆಳಗಿರುವ App permissions ತೆಗೆದು ತೋರಿಸಿದ. have full network access ಎಂದಿತ್ತು. ನನಗೆ ಎದೆ ಧಸಕ್ ಅಂದಿತು. Data safety ಎಂಬ ಭಾಗದಲ್ಲಿ ಏನನ್ನೂ ಸಂಗ್ರಹಿಸುವುದಿಲ್ಲ ಎಂದು ಬರೆದಿತ್ತಾದರೂ ಅದು ಮಾಡಿದವರೇ ತುಂಬಿಸುವ ಹೇಳಿಕೆ. ಅನುಮತಿಯ ಪಟ್ಟಿ ಹಾಗಲ್ಲ, ಅದು ಆ್ಯಪ್‌ನ ಒಳಗಿಂದಲೇ ಬರುತ್ತದೆ. ಮಾತು ಒಂದು, ಕಡತ ಇನ್ನೊಂದು ಹೇಳಿದರೆ ಕಡತವನ್ನೇ ನಂಬಬೇಕು.

"ಅಂವಂಗೇ ಗೊತ್ತಿಲ್ದೆ ಬಂದಿಕ್ಕು ಚಿಕ್ಕಪ್ಪ, ಕೇಳಿ ನೋಡು," ಅಂದ ಹುಡುಗ. ಕೇಳಿದೆ. ಮುಂದಿನ ಭಾನುವಾರ ಉತ್ತರ. ನಕ್ಷೆ ಬಿಡಿಸಲು ಬೇರೆಯವರು ಬರೆದ ಒಂದು ಲೈಬ್ರರಿ ಸೇರಿಸಿದ್ದರಂತೆ, ಅದು ತನ್ನ ಅನುಮತಿಯನ್ನೂ ಜೊತೆಗೆ ತಂದಿತ್ತು. ಆ್ಯಪ್ ಕಟ್ಟುವಾಗ ಎಲ್ಲ ಲೈಬ್ರರಿಗಳ ಅನುಮತಿ ಪಟ್ಟಿ ತಾನಾಗಿ ಒಂದಕ್ಕೊಂದು ಬೆರೆಯುತ್ತದೆ, ಬೇಡವಾದದ್ದನ್ನು ಬೇಡ ಎಂದೇ ಬರೆಯಬೇಕು. ಸರಿಪಡಿಸಲು ಹಾಕಿದ ಸಾಲನ್ನೂ ಕಳಿಸಿದ್ದರು:

```xml
<uses-permission
    android:name="android.permission.INTERNET"
    tools:node="remove" />
```

ನನಗೆ ಇದರಲ್ಲಿ ಅರ್ಥವಾಗಿದ್ದು remove ಎಂಬ ಪದ ಒಂದೇ. ಆದರೆ ಹೊಸ ಆವೃತ್ತಿ ಬಂದ ಮೇಲೆ ಪಟ್ಟಿಯಿಂದ ಆ ಸಾಲು ಹೋಗಿತ್ತು, ಅದನ್ನು ನಾನೇ ನೋಡಬಹುದಾಗಿತ್ತು. ಪುಟದ ಪರಿಚಯದಲ್ಲೂ ಬದಲಾವಣೆ. 'ಇಂಟರ್ನೆಟ್ ಬೇಡ' ಎಂಬುದರ ಮುಂದೆ, ಅನುಮತಿ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಿ ಎಂದು ಸೇರಿಸಿದ್ದರು. ನಡುವೆ ಕೆಲವು ತಿಂಗಳು ಅದು ತಪ್ಪಾಗಿತ್ತು ಎಂಬುದನ್ನೂ ಬರೆದಿದ್ದರೆ ಇನ್ನೂ ಚೆನ್ನಾಗಿತ್ತು. ಬರೆಯಲಿಲ್ಲ.

ಈಗ ಐದನೇ ನಕ್ಷತ್ರದ ವಿಷಯ. 2025ರ ಕೊನೆಯಲ್ಲಿ ಹೆಂಡತಿಗೆ ಹೊಸ ಫೋನ್ ತಂದೆವು. ನಾನು ಊರಲ್ಲಿಲ್ಲದ ದಿನ ಮಳೆ ಅಳೆಯುವವಳು ಅವಳೇ. ಅವಳ ಫೋನಿನಲ್ಲಿ ಎಷ್ಟು ಹುಡುಕಿದರೂ ಆ್ಯಪ್ ಸಿಗಲೇ ಇಲ್ಲ, ನನ್ನ ಫೋನಿನಲ್ಲಿ ಏನೂ ಆಗದ ಹಾಗೆ ನಡೆಯುತ್ತಿತ್ತು. ನಿಲ್ಲಿಸಿಬಿಟ್ಟರೇನೋ ಎಂದುಕೊಂಡೆ. ಕಾರಣ ತಿಳಿದಿದ್ದು ಆಮೇಲೆ. ಪ್ಲೇ ಸ್ಟೋರ್‌ನಲ್ಲಿರುವ ಆ್ಯಪ್‌ಗಳನ್ನು ವರ್ಷವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸುತ್ತ ಬರಬೇಕು. ತೀರಾ ಹಿಂದೆ ಬಿದ್ದ ಆ್ಯಪ್ ಹೊಸ ಫೋನಿನ ಹೊಸ ಬಳಕೆದಾರರಿಗೆ ಕಾಣುವುದೇ ಇಲ್ಲ, ಮೊದಲೇ ಹಾಕಿಕೊಂಡವರಿಗೆ ಮಾತ್ರ ಉಳಿದಿರುತ್ತದೆ. ಅಂದರೆ ಒಬ್ಬನೇ ಮಾಡುವವನು ಹೊಸತೇನೂ ಸೇರಿಸದೆ, ಇದ್ದದ್ದು ಇದ್ದ ಹಾಗೆ ಇಟ್ಟರೂ ಸಾಲದು. ಆ ಭಾನುವಾರಗಳು ತಪ್ಪಿದರೆ ಅಂಗಡಿಯ ಬಾಗಿಲು ತಾನಾಗಿ ಮುಚ್ಚುತ್ತದೆ.

ಎರಡು ಮೇಲ್‌ಗೆ ಉತ್ತರ ಬರಲಿಲ್ಲ. ಮೂರು ತಿಂಗಳ ಮೇಲೆ ಆ್ಯಪ್ ಮತ್ತೆ ಕಾಣಿಸಿತು, ಅಂಕಿಗಳೆಲ್ಲ ದೊಡ್ಡದಾಗಿದ್ದವು. ಪರಿಚಯವನ್ನು ಮತ್ತೆ ಓದಿದೆ. 'ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ' ಎಂದಿದ್ದ ಕಡೆ ಈಗ 'ಅಮ್ಮ' ಎಂದಿದೆ. ಮತ್ತೇನೂ ಬರೆದಿಲ್ಲ. ಉತ್ತರ ಬಾರದ ಮೇಲ್ ಬಗ್ಗೆ ನಾನೂ ಮತ್ತೆ ಕೇಳಲಿಲ್ಲ.

ಆದರೂ ಒಂದು ಸಾಲು ಆ ಪರಿಚಯದಲ್ಲಿ ಇರಬೇಕಿತ್ತು, ಈಗಲೂ ಇಲ್ಲ. ಇವರು ಬಿಟ್ಟರೆ ನಮ್ಮ ಲೆಕ್ಕದ ಗತಿಯೇನು? ಉಪಾಯ ಆ್ಯಪ್‌ನಲ್ಲೇ ಇದೆ, ಆದರೆ ಸೆಟ್ಟಿಂಗ್‌ನ ತಳದಲ್ಲಿ ಅಡಗಿಕೊಂಡಿದೆ. Export CSV ಒತ್ತಿದರೆ ಎಲ್ಲ ವರ್ಷದ ದಾಖಲೆ ಒಂದು ಕಡತವಾಗಿ ಹೊರಬರುತ್ತದೆ, ಯಾವ ಕಂಪ್ಯೂಟರಿನಲ್ಲೂ ತೆರೆಯಬಹುದು. ಇಂಟರ್ನೆಟ್ ಬೇಡದ ಆ್ಯಪ್ ಅಂದಮೇಲೆ ನಮ್ಮ ಲೆಕ್ಕ ಬೇರೆಲ್ಲೂ ಉಳಿದಿರುವುದಿಲ್ಲ. ಫೋನ್ ಹೊಂಡಕ್ಕೆ ಬಿದ್ದರೆ ಮಳೆಯೂ ಹೊಂಡಕ್ಕೆ. ಗೆದ್ದಲಿಗೆ ಹೆದರಿ ಮಾಡಿದವರು ಇದನ್ನು ಪುಟದ ತುದಿಯಲ್ಲೇ ಬರೆಯಬೇಕಿತ್ತು.

ಹೊಸದಾಗಿ ಹಾಕಿಕೊಳ್ಳುವವರು ಮೊದಲ ದಿನವೇ ಎರಡು ಕೆಲಸ ಮಾಡಿ. ನಿಮ್ಮ ಮನೆಯ ಪುಸ್ತಕ ಯಾವ ತಾರೀಕಿಗೆ ಬರೆಯುತ್ತದೆ ನೋಡಿ ಆ ಆಯ್ಕೆ ಸರಿಮಾಡಿಕೊಳ್ಳಿ. ಆಮೇಲೆ ತಿಂಗಳಿಗೊಮ್ಮೆ ಕಡತ ತೆಗೆದು ಯಾರಿಗಾದರೂ ಕಳಿಸಿ. ನಾನು ಪ್ರತಿ ಒಂದನೇ ತಾರೀಕು ಅಣ್ಣನ ಮಗನಿಗೆ ಕಳಿಸುತ್ತೇನೆ, ನೆಟ್‌ವರ್ಕ್ ಇಲ್ಲದಿದ್ದರೆ ಸೊಪ್ಪಿನ ಬೆಟ್ಟ ಹತ್ತಿ. ಜೊತೆಗೆ ನೋಟುಬುಕ್ಕಿನಲ್ಲೂ ಬರೆಯುತ್ತೇನೆ, ಅಪ್ಪನ ರೂಢಿಯ ತಾರೀಕಿಗೇ.