ಅಕ್ಟೋಬರ್ ರಜೆ: ಮಳೆ ಬಂದರೆ ಮಲ್ಪೆ ವಾಸಿಯೋ, ಗೋಕರ್ಣವೋ?

ಅಕ್ಟೋಬರ್ ಹೊತ್ತಿಗೆ ಕರಾವಳಿಯಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಬರುತ್ತದೆ. ಹಾಗಾಗಿ ಎರಡೂ ಕಡೆ ಬೆಳಗ್ಗೆ ಕಡಲು, ಮಧ್ಯಾಹ್ನ ಸೂರಿನಡಿ. ಪ್ರಶ್ನೆ ಇರುವುದು ಆ ಸೂರು ಎಲ್ಲಿದೆ ಅನ್ನುವುದರಲ್ಲಿ.

ಗೋಕರ್ಣದಲ್ಲಿ ಕುಡ್ಲೆ, ಓಂ ಕಡಲತೀರಗಳು ಮಲ್ಪೆಗಿಂತ ಚೆಂದ, ಒಪ್ಪಿದೆ. ಆದರೆ ಬದಲಿ ಜಾಗ ನೋಡಿ. ಮಿರ್ಜಾನ್ ಕೋಟೆಗೆ ಮೇಲ್ಛಾವಣಿಯಿಲ್ಲ. ಯಾಣದ ಕಾಡುದಾರಿ ಮಳೆಯಲ್ಲಿ ಜಾರುತ್ತದೆ, ಜಿಗಣೆ ಬೇರೆ. ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗಿ ಬಂದರೆ ಅರ್ಧ ದಿನ ಮುಗಿಯಿತು, ಉಳಿದ ದಿನಗಳಿಗೆ ರೂಮೇ ಗತಿ.

ಮಲ್ಪೆಯಿಂದ ಉಡುಪಿ ಐದಾರು ಕಿಲೋಮೀಟರ್, ಮಣಿಪಾಲ ಅದರ ಪಕ್ಕದಲ್ಲೇ. ಮೂರು ದಿನಕ್ಕೆ ಹೀಗೆ ಹಂಚಬಹುದು: ಮೊದಲ ದಿನವೇ ಸೇಂಟ್ ಮೇರೀಸ್ ದ್ವೀಪ. ಕಡಲು ಒರಟಾದರೆ ದೋಣಿ ಬಿಡುವುದಿಲ್ಲ, ಆಗ ಇನ್ನೂ ಎರಡು ಬೆಳಗು ಕೈಯಲ್ಲಿರುತ್ತವೆ. ಕೊನೆಯ ದಿನಕ್ಕೆ ಇಟ್ಟುಕೊಂಡವರು ಸುಮ್ನೆ ದಡದಲ್ಲಿ ನಿಂತು ವಾಪಸ್ಸಾಗುತ್ತಾರೆ. ಮೊದಲ ದಿನದ ಬದಲಿ ಕೃಷ್ಣಮಠ ಮತ್ತು ರಥಬೀದಿ. ಎರಡನೇ ದಿನಕ್ಕೆ ಮಣಿಪಾಲದ ಅಂಗರಚನಾ ಮ್ಯೂಸಿಯಂ (ಪುಟ್ಟ ಮಕ್ಕಳು ಹೆದರಬಹುದು). ಮೂರನೇ ದಿನಕ್ಕೆ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿರುವ ಹಸ್ತಶಿಲ್ಪ ಗ್ರಾಮ. ಅಲ್ಲಿ ಮನೆಯಿಂದ ಮನೆಗೆ ನಡೆಯಬೇಕು, ಕೊಡೆ ಬೇಕು. ಮ್ಯೂಸಿಯಂ, ಗ್ರಾಮ ಎರಡಕ್ಕೂ ರಜೆಯ ದಿನ ಯಾವುದೆಂದು ಮೊದಲೇ ಫೋನ್ ಮಾಡಿ ಕೇಳಿ.

ಮಕ್ಕಳು, ಅಜ್ಜಿ-ತಾತ ಜೊತೆಗಿದ್ದರೆ ಮಲ್ಪೆಯೇ ಸರಿ. ಇಬ್ಬರೇ ಹೋಗುವವರು, ಜಗಲಿಯಲ್ಲಿ ಕೂತು ಮಳೆ ನೋಡಿದರೂ ಸಾಕು ಅನ್ನುವವರು ಗೋಕರ್ಣಕ್ಕೆ ಹೋಗಿ.